ಮೋಬಿಯಸ್ ಮ್ಯಾಪ್: ಸ್ಥಿರ ಬಿಂದು ಸಿಕ್ಕಿತು, ಈಗ ಅದು ಎಲಿಪ್ಟಿಕ್ಕೋ, ಪ್ಯಾರಾಬೋಲಿಕ್ಕೋ, ಹೈಪರ್ಬೋಲಿಕ್ಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಮಕ್ಕಳಿಗೆ ಕಾಂಪ್ಲೆಕ್ಸ್ ಅನಾಲಿಸಿಸ್ ಪಾಠ ಮಾಡುತ್ತೇನೆ. ಬೈಲಿನಿಯರ್ ಟ್ರಾನ್ಸ್‌ಫರ್ಮೇಷನ್ ಪಾಠ ಬಂದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಕ್ಲಾಸಿನಲ್ಲೇ ಕೇಳುತ್ತಾರೆ. ಶಿರಾ, ಮಧುಗಿರಿ, ಪಾವಗಡದ ಕಡೆಯವರು ಬಸ್ಸಿಗೆ ಹೊತ್ತಾಯ್ತು ಅಂತ ಹೊರಟು, ರಾತ್ರಿ ನೋಟ್‌ಬುಕ್ಕಿನ ಫೋಟೋ ಕಳಿಸಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಮ್ಯಾಪ್ ಬಗ್ಗೆ ಮಾತಾಡುತ್ತಿದ್ದೇವೆ?

w = (az + b)/(cz + d). ಇಲ್ಲಿ a, b, c, d ಕಾಂಪ್ಲೆಕ್ಸ್ ಸಂಖ್ಯೆಗಳು, ad − bc ಸೊನ್ನೆ ಆಗಬಾರದು. ಸೊನ್ನೆ ಆದರೆ ಎಲ್ಲ z ಕೂಡ ಒಂದೇ ಬಿಂದುವಿಗೆ ಹೋಗಿ ಬೀಳುತ್ತವೆ, ಆಮೇಲೆ ಅಧ್ಯಯನ ಮಾಡಲು ಏನೂ ಉಳಿಯುವುದಿಲ್ಲ. ∞ ಅನ್ನೂ ಒಂದು ಬಿಂದು ಅಂತಲೇ ಲೆಕ್ಕಕ್ಕೆ ತಗೊಳ್ಳಿ. ಈ ಪಾಠದಲ್ಲಿ ಅದನ್ನು ಹೊರಗಿಟ್ಟರೆ ಅರ್ಧ ಲೆಕ್ಕ ತಪ್ಪುತ್ತದೆ.

ಸ್ಥಿರ ಬಿಂದು ಕಂಡುಹಿಡಿಯುವುದು ಹೇಗೆ?

ಮ್ಯಾಪ್ ಹಾಕಿದ ಮೇಲೂ ಇದ್ದಲ್ಲೇ ಇರುವ ಬಿಂದು ಸ್ಥಿರ ಬಿಂದು. ಪ್ರಶ್ನೆಪತ್ರಿಕೆಯಲ್ಲಿ ಇದನ್ನೇ ಇನ್ವೇರಿಯಂಟ್ ಪಾಯಿಂಟ್ ಅಂತಲೂ ಕೇಳುತ್ತಾರೆ. w ಇರುವ ಜಾಗದಲ್ಲಿ z ಹಾಕಿ, ಛೇದವನ್ನು ಅಡ್ಡ ಗುಣಿಸಿ:

cz² + (d − a)z − b = 0

c ಸೊನ್ನೆ ಅಲ್ಲದಿದ್ದರೆ ಇದು ವರ್ಗ ಸಮೀಕರಣ. ಎರಡು ಬೇರೆಬೇರೆ ಉತ್ತರ ಬರಬಹುದು, ಅಥವಾ ಒಂದೇ ಉತ್ತರ ಎರಡು ಸಲ ಬರಬಹುದು. ಡಿಸ್ಕ್ರಿಮಿನೆಂಟ್ ಬಿಡಿಸಿ ಬರೆದರೆ (a + d)² − 4(ad − bc) ಆಗುತ್ತದೆ. ಅಂದರೆ ಮ್ಯಾಟ್ರಿಕ್ಸಿನ ಟ್ರೇಸ್ ಮತ್ತು ಡಿಟರ್ಮಿನೆಂಟ್ ಎರಡೇ ಸಾಕು. ಈ ಎರಡು ಸಂಖ್ಯೆಗಳು ಕೊನೆಯವರೆಗೂ ನಮ್ಮ ಜೊತೆ ಬರುತ್ತವೆ.

c = 0 ಆದರೆ ಮ್ಯಾಪ್ ಬರೀ w = αz + β ರೂಪಕ್ಕೆ ಬರುತ್ತದೆ. ಆಗ ∞ ತಾನೇ ಒಂದು ಸ್ಥಿರ ಬಿಂದು. α ಒಂದಲ್ಲದಿದ್ದರೆ ಇನ್ನೊಂದು β/(1 − α). α = 1, β ಸೊನ್ನೆಯಲ್ಲ ಅಂದರೆ ಎಲ್ಲವನ್ನೂ β ಅಷ್ಟು ಪಕ್ಕಕ್ಕೆ ಸರಿಸುವ ಮ್ಯಾಪ್ ಅದು, ಅದಕ್ಕೆ ∞ ಒಂದೇ. «ಸ್ಥಿರ ಬಿಂದು ಇಲ್ಲ» ಅಂತ ಬರೆಯಬೇಡಿ.

ಡಿಸ್ಕ್ರಿಮಿನೆಂಟ್ ನೋಡಿದ್ರೆ ಸಾಕಲ್ವಾ ಮೇಡಂ? ಎರಡು ರಿಯಲ್ ಬಂದರೆ ಹೈಪರ್ಬೋಲಿಕ್, ಒಂದೇ ಬಂದರೆ ಪ್ಯಾರಾಬೋಲಿಕ್, ಕಾಂಪ್ಲೆಕ್ಸ್ ಬಂದರೆ ಎಲಿಪ್ಟಿಕ್.

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ನಡುವಿನ ಮಾತು ಯಾವಾಗಲೂ ಸರಿ: ಮ್ಯಾಪ್ ಸುಮ್ನೆ w = z ಅಲ್ಲದಿದ್ದರೆ, ಒಂದೇ ಸ್ಥಿರ ಬಿಂದು ಬಂತು ಅಂದರೆ ಅದು ಪ್ಯಾರಾಬೋಲಿಕ್. ಉಳಿದ ಎರಡು ಮಾತು ನಿಲ್ಲುವುದು a, b, c, d ನಾಲ್ಕೂ ರಿಯಲ್ ಆಗಿದ್ದು, ad − bc ಸೊನ್ನೆಗಿಂತ ಜಾಸ್ತಿ ಇದ್ದಾಗ ಮಾತ್ರ. ಈ ಷರತ್ತನ್ನು ಬಿಟ್ಟು ಬರೀ ನಿಯಮವನ್ನು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯಲ್ಲಿ ಎಡವುತ್ತಾರೆ.

ಈ ಮೂರು ಮ್ಯಾಪ್ ನೋಡಿ.

A: w = (z − 1)/(z + 1)

B: w = (2z − 1)/(z + 2)

C: w = (2iz + 1)/(−z + 2i)

ಮೂರರಲ್ಲೂ w = z ಹಾಕಿ ಬಿಡಿಸಿ. ಮೂರರಲ್ಲೂ z² = −1 ಬರುತ್ತದೆ. ಸ್ಥಿರ ಬಿಂದುಗಳು i ಮತ್ತು −i, ಒಂದು ಚೂರೂ ವ್ಯತ್ಯಾಸ ಇಲ್ಲ. ಆದರೆ A ಅನ್ನು ಒಂದೇ ಬಿಂದುವಿನ ಮೇಲೆ ನಾಲ್ಕು ಸಲ ಹಾಕಿದರೆ ಹೊರಟ ಜಾಗಕ್ಕೇ ವಾಪಸ್ ಬರುತ್ತೀರಿ. B ಅನ್ನು ಎಷ್ಟು ಸಲ ಹಾಕಿದರೂ i, −i ಬಿಟ್ಟು ಬೇರೆ ಯಾವ ಬಿಂದುವೂ ಹೊರಟ ಜಾಗಕ್ಕೆ ವಾಪಸ್ ಬರುವುದಿಲ್ಲ, ಆದರೆ ಸುತ್ತುವುದನ್ನೂ ನಿಲ್ಲಿಸುವುದಿಲ್ಲ. C ಅನ್ನು ಹಾಕುತ್ತಾ ಹೋದರೆ, i ಒಂದನ್ನು ಬಿಟ್ಟು ಎಲ್ಲ ಬಿಂದುಗಳೂ −i ಕಡೆಗೆ ಓಡುತ್ತವೆ. A ಮತ್ತು B ಎಲಿಪ್ಟಿಕ್, C ಹೈಪರ್ಬೋಲಿಕ್.

ರಾಗಿ ಬೀಸುವ ಕಲ್ಲಿಗೆ ನಡುವೆ ಒಂದು ಗೂಟ ಇರುತ್ತದಲ್ಲ, ಸ್ಥಿರ ಬಿಂದು ಅಂಥದ್ದು. ಗೂಟ ಎಲ್ಲಿದೆ ಅಂತ ನೋಡಿದ ಮಾತ್ರಕ್ಕೆ ಕಲ್ಲು ಎಷ್ಟು ತಿರುಗಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಇನ್ನೊಂದು ಸಂಖ್ಯೆ ಬೇಕು.

ಆ ಇನ್ನೊಂದು ಸಂಖ್ಯೆ ಯಾವುದು? ಎಲ್ಲಿಂದ ಬರುತ್ತದೆ?

ಅದರ ಹೆಸರು ಮಲ್ಟಿಪ್ಲೈಯರ್, ಗುರುತು k. ಸ್ಥಿರ ಬಿಂದುಗಳು p, q ಎರಡೂ ಬೇರೆಬೇರೆ ಆಗಿದ್ದಾಗ, z ಬದಲು u = (z − p)/(z − q) ಅನ್ನೋ ಹೊಸ ಅಳತೆ ತಗೊಳ್ಳಿ. ಈ ಅಳತೆಯಲ್ಲಿ p ಹೋಗಿ 0 ಆಗುತ್ತದೆ, q ಹೋಗಿ ∞ ಆಗುತ್ತದೆ. ನಮ್ಮ ಮ್ಯಾಪ್ ಇವೆರಡನ್ನೂ ಅಲ್ಲಾಡಿಸುವುದಿಲ್ಲ. 0 ಮತ್ತು ∞ ಎರಡನ್ನೂ ಇದ್ದಲ್ಲೇ ಬಿಡುವ ಮೋಬಿಯಸ್ ಮ್ಯಾಪ್ ಅಂದರೆ ಒಂದು ಸಂಖ್ಯೆಯಿಂದ ಗುಣಿಸುವುದು ಮಾತ್ರ, ಬೇರೆ ದಾರಿಯೇ ಇಲ್ಲ. ಹಾಗಾಗಿ

(w − p)/(w − q) = k · (z − p)/(z − q)

k ಲೆಕ್ಕ ಹಾಕಲು ಒಂದೇ ಸಾಲು ಸಾಕು: k = (a − cp)/(a − cq), c ಸೊನ್ನೆ ಅಲ್ಲದಿದ್ದಾಗ.

ಇದನ್ನು ಮ್ಯಾಟ್ರಿಕ್ಸ್ ಕಡೆಯಿಂದ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮೊದಲ ಸಾಲು a, b. ಎರಡನೇ ಸಾಲು c, d. ಈ ಮ್ಯಾಟ್ರಿಕ್ಸಿಗೆ (p, 1) ಅನ್ನೋ ವೆಕ್ಟರ್ ಕೊಡಿ. ap + b ಮತ್ತು cp + d ಬರುತ್ತವೆ. p ಸ್ಥಿರ ಬಿಂದು ಆದ್ದರಿಂದ ap + b = p(cp + d). ಅಂದರೆ (p, 1) ಐಗನ್ ವೆಕ್ಟರ್, cp + d ಅದರ ಐಗನ್ ವ್ಯಾಲ್ಯೂ. q ಗೂ ಹಾಗೆಯೇ. k ಅಂದರೆ q ಕಡೆಯ ಐಗನ್ ವ್ಯಾಲ್ಯೂವನ್ನು p ಕಡೆಯದರಿಂದ ಭಾಗಿಸಿದ್ದು. ಲಿನಿಯರ್ ಆಲ್ಜೀಬ್ರಾ ಕ್ಲಾಸಿನಲ್ಲಿ ಕಲಿತದ್ದೇ ಇಲ್ಲಿ ಬಂದು ನಿಂತಿದೆ ಅಂತ ಕಂಡ ದಿನ ಈ ಪಾಠ ಅರ್ಧ ಹಗುರವಾಗುತ್ತದೆ, ಅದಕ್ಕೇ ನಾನು ಈ ದಾರಿಯನ್ನೇ ಒತ್ತಿ ಹೇಳುವುದು.

ಈಗ ವಿಂಗಡಣೆ. k ಯ ಅಳತೆ, ಅಂದರೆ |k|, 1 ಆಗಿದ್ದು, k ಒಂದಲ್ಲ: ಎಲಿಪ್ಟಿಕ್. k ರಿಯಲ್, ಧನ, ಆದರೆ ಒಂದಲ್ಲ: ಹೈಪರ್ಬೋಲಿಕ್. k ಯ ಅಳತೆಯೂ 1 ಅಲ್ಲ, k ಧನ ರಿಯಲ್ಲೂ ಅಲ್ಲ: ಲಾಕ್ಸೋಡ್ರೋಮಿಕ್, ಅಂದರೆ ಹಿಗ್ಗಿಸುವುದು ಮತ್ತು ತಿರುಗಿಸುವುದು ಎರಡೂ ಸೇರಿದ್ದು. ಕೆಲವು ಪುಸ್ತಕಗಳು ಹೈಪರ್ಬೋಲಿಕ್ ಅನ್ನೂ ಲಾಕ್ಸೋಡ್ರೋಮಿಕ್ ಒಳಗೇ ಸೇರಿಸುತ್ತವೆ, ನಿಮ್ಮ ಸಿಲಬಸ್ಸಿನ ಪುಸ್ತಕ ಏನು ಹೇಳುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. p = q ಆದಾಗ ಈ ಸೂತ್ರವೇ ಕೂರುವುದಿಲ್ಲ. ಅದು ಪ್ಯಾರಾಬೋಲಿಕ್, ಅದರ ಕಥೆ ಕೆಳಗೆ ಬೇರೆಯಾಗಿ ಇದೆ.

ಮೇಲಿನ ಮೂರಕ್ಕೂ p = i, q = −i ಹಾಕಿ ನೋಡಿ. A ಗೆ k = (1 − i)/(1 + i) = −i. B ಗೆ k = (2 − i)/(2 + i) = (3 − 4i)/5. C ಗೆ a = 2i, c = −1, ಹಾಗಾಗಿ k = (2i + i)/(2i − i) = 3. ಮೊದಲ ಎರಡರ ಅಳತೆ 1. ಮೂರನೆಯದು ಧನ ರಿಯಲ್.

p, q ಅದಲು ಬದಲು ಮಾಡಿದರೆ k ಬದಲಾಗುತ್ತದಲ್ವಾ?

ಆಗುತ್ತದೆ, 1/k ಆಗುತ್ತದೆ. k ಯ ಅಳತೆ 1 ಆಗಿದ್ದರೆ 1/k ದೂ 1. k ಧನ ರಿಯಲ್ ಆಗಿದ್ದರೆ 1/k ಕೂಡ ಹಾಗೇ. ವಿಂಗಡಣೆ ಬದಲಾಗುವುದಿಲ್ಲ.

ಟ್ರೇಸ್ 2 ಬಂತು, ಪ್ಯಾರಾಬೋಲಿಕ್ ಅಂತ ಬರೆದೆ, ಮಾರ್ಕ್ಸ್ ಹೋಯ್ತು. ಯಾಕೆ?

ಮಧುಗಿರಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಕಳಿಸಿದ್ದ ಲೆಕ್ಕ ಮೇಲಿನ A ಯೇ ಆಗಿತ್ತು. a + d = 1 + 1 = 2. «ಟ್ರೇಸ್ 2 ಆದರೆ ಪ್ಯಾರಾಬೋಲಿಕ್» ಅನ್ನೋ ನಿಯಮ ಅವಳಿಗೆ ನೆನಪಿತ್ತು. ಆದರೆ ಆ ನಿಯಮ ad − bc = 1 ಆಗಿರುವಾಗ ಮಾತ್ರ ಅನ್ವಯಿಸುತ್ತದೆ. ಇಲ್ಲಿ ad − bc = 1 + 1 = 2.

ಒಂದೇ ಮ್ಯಾಪನ್ನು ಎಷ್ಟೋ ಮ್ಯಾಟ್ರಿಕ್ಸಿನಿಂದ ಬರೆಯಬಹುದು. ಮೇಲೂ ಕೆಳಗೂ 10 ರಿಂದ ಗುಣಿಸಿದರೆ ಮ್ಯಾಪ್ ಅದೇ, ಆದರೆ ಟ್ರೇಸ್ ಹತ್ತು ಪಟ್ಟು ಆಗಿಬಿಡುತ್ತದೆ. ಹಾಗಾಗಿ ಬರೀ ಟ್ರೇಸಿಗೆ ಅರ್ಥವೇ ಇಲ್ಲ. ಗುಣಿಸಿದರೂ ಬದಲಾಗದ ಸಂಖ್ಯೆ ಬೇಕು:

T = (a + d)²/(ad − bc)

ಡಿಟರ್ಮಿನೆಂಟ್ 1 ಆಗುವ ಹಾಗೆ ವರ್ಗಮೂಲದಿಂದ ಭಾಗಿಸುವ ಕೆಲಸವನ್ನೂ ಈ T ತಪ್ಪಿಸುತ್ತದೆ. ಐಗನ್ ವ್ಯಾಲ್ಯೂಗಳ ಮೊತ್ತ ಟ್ರೇಸ್, ಗುಣಲಬ್ಧ ಡಿಟರ್ಮಿನೆಂಟ್. ಅದನ್ನು ಹಾಕಿ ಬಿಡಿಸಿದರೆ

T = k + 1/k + 2

ಇದರಿಂದ ನಿಯಮ ತಾನಾಗಿ ಬರುತ್ತದೆ. T ರಿಯಲ್ ಆಗಿದ್ದು 0 ಅಥವಾ ಅದಕ್ಕಿಂತ ಹೆಚ್ಚು, 4 ಕ್ಕಿಂತ ಕಡಿಮೆ: ಎಲಿಪ್ಟಿಕ್. T = 4: ಪ್ಯಾರಾಬೋಲಿಕ್ (ಅಥವಾ ಮ್ಯಾಪ್ w = z). T ರಿಯಲ್, 4 ಕ್ಕಿಂತ ಜಾಸ್ತಿ: ಹೈಪರ್ಬೋಲಿಕ್. T ಋಣ ಸಂಖ್ಯೆ ಆದರೆ, ಅಥವಾ ರಿಯಲ್ಲೇ ಅಲ್ಲದಿದ್ದರೆ: ಲಾಕ್ಸೋಡ್ರೋಮಿಕ್.

A ಗೆ T = 4/2 = 2. ಎಲಿಪ್ಟಿಕ್. B ಗೆ T = 16/5. ಎಲಿಪ್ಟಿಕ್. C ಯಲ್ಲಿ ಟ್ರೇಸ್ 4i, ಅದರ ವರ್ಗ −16, ಡಿಟರ್ಮಿನೆಂಟ್ −4 + 1 = −3, ಹಾಗಾಗಿ T = 16/3, ನಾಲ್ಕಕ್ಕಿಂತ ಜಾಸ್ತಿ. ಹೈಪರ್ಬೋಲಿಕ್. k = 3 ಹಾಕಿದರೂ 3 + 1/3 + 2 = 16/3 ಬರುತ್ತದೆ. ಈ ಎರಡು ದಾರಿ ಒಂದೇ ಉತ್ತರ ಕೊಟ್ಟರೆ ನಿಮ್ಮ ಲೆಕ್ಕ ಸರಿ ಇದೆ ಅಂತ ಧೈರ್ಯವಾಗಿ ಮುಂದೆ ಹೋಗಿ.

ಎಲಿಪ್ಟಿಕ್ ಅಂದರೆ ಸ್ಥಿರ ಬಿಂದುವಿನ ಸುತ್ತ ವೃತ್ತದಲ್ಲಿ ತಿರುಗುವುದು ಅಂತೀರಿ. ಆದರೆ ಗ್ರಾಫ್ ಹಾಳೆಯಲ್ಲಿ ಬಿಂದು ಗುರುತು ಹಾಕಿದರೆ i ಕೇಂದ್ರ ಆಗಿ ಕಾಣುವುದಿಲ್ಲವಲ್ಲ?

ಇದು ತುಂಬಾ ಒಳ್ಳೆಯ ಪ್ರಶ್ನೆ. ಹಾಳೆ ತೆಗೆದು ಗುರುತು ಹಾಕಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆ.

A ತಗೊಂಡು z = 2i ಇಂದ ಹೊರಡೋಣ.

ಮೊದಲ ಹೆಜ್ಜೆ: (2i − 1)/(2i + 1). ಮೇಲೆ ಕೆಳಗೆ 1 − 2i ಇಂದ ಗುಣಿಸಿದರೆ 0.6 + 0.8i.

A ಅನ್ನು ಎರಡು ಸಲ ಹಾಕುವುದು ಅಂದರೆ −1/z ಹಾಕಿದಂತೆ. ಮ್ಯಾಟ್ರಿಕ್ಸ್ ವರ್ಗ ಮಾಡಿ ನೋಡಿ. ಹಾಗಾಗಿ ಎರಡನೇ ಹೆಜ್ಜೆ −1/(2i) = 0.5i.

ಮೂರನೇ ಹೆಜ್ಜೆ: −0.6 + 0.8i. ನಾಲ್ಕನೇ ಹೆಜ್ಜೆ: ಮತ್ತೆ 2i.

ನಾಲ್ಕೂ ಬಿಂದು ಒಂದೇ ವೃತ್ತದ ಮೇಲಿವೆ. ಆದರೆ ಆ ವೃತ್ತದ ಕೇಂದ್ರ 1.25i, ತ್ರಿಜ್ಯ 0.75. i ಒಳಗಿದೆ, ಆದರೆ ಕೇಂದ್ರದಲ್ಲಿಲ್ಲ, ಕೆಳಗೆ ಸರಿದಿದೆ. ನಾಲ್ಕು ಬಿಂದುಗಳ ನಡುವಿನ ಅಂತರವೂ ಸಮ ಇಲ್ಲ. ಮೇಲಿನ 2i ಒಂಟಿಯಾಗಿ ದೂರ ಇದೆ, ಉಳಿದ ಮೂರು ಕೆಳಗೆ ಹತ್ತಿರ ಹತ್ತಿರ ಇವೆ.

ತಿರುಗುವುದು z ಅಳತೆಯಲ್ಲಿ ಅಲ್ಲ, u = (z − i)/(z + i) ಅಳತೆಯಲ್ಲಿ. 2i ಗೆ u = 1/3. ಅದನ್ನು −i ಇಂದ ಗುಣಿಸುತ್ತಾ ಹೋಗಿ: 1/3, −i/3, −1/3, i/3. ಇಲ್ಲಿ ಕೇಂದ್ರ 0, ಪ್ರತಿ ಹೆಜ್ಜೆಗೂ ಸರಿಯಾಗಿ 90 ಡಿಗ್ರಿ. z ಹಾಳೆಯಲ್ಲಿ ಬದಲಾಗದೆ ಉಳಿಯುವುದು ಎರಡು ದೂರಗಳ ಅನುಪಾತ: i ಇಂದ ಇರುವ ದೂರವನ್ನು −i ಇಂದ ಇರುವ ದೂರದಿಂದ ಭಾಗಿಸಿದರೆ ನಾಲ್ಕೂ ಬಿಂದುಗಳಿಗೆ 1/3 ಬರುತ್ತದೆ. ಇಂಥ ವೃತ್ತಗಳಿಗೆ ಅಪೊಲೋನಿಯಸ್ ವೃತ್ತಗಳು ಅಂತ ಹೆಸರು.

ಈ ಅನುಪಾತ 1 ಆದಾಗ ವೃತ್ತ ನೇರ ರೇಖೆ ಆಗುತ್ತದೆ, ಇಲ್ಲಿ ಅದು ರಿಯಲ್ ಅಕ್ಷ. 0 ಇಂದ ಹೊರಟು ನೋಡಿ: 0, −1, ∞, 1, ಮತ್ತೆ 0. ನಾಲ್ಕೇ ಹೆಜ್ಜೆ. ∞ ಅನ್ನು ಬಿಂದು ಅಂತ ಒಪ್ಪದವರು ಎರಡನೇ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

B ಯಾಕೆ ವಾಪಸ್ ಬರುವುದಿಲ್ಲ? ಅದೂ ಎಲಿಪ್ಟಿಕ್ ಅಲ್ವಾ?

B ಗೆ k = (3 − 4i)/5. ತಿರುಗುವ ಕೋನದ ಕೊಸೈನ್ 3/5, ಕೋನ ಸುಮಾರು 53.13 ಡಿಗ್ರಿ. ಎಷ್ಟು ಸಲ ಕೂಡಿಸಿದರೂ ಅದು 360 ರ ಪೂರ್ಣ ಗುಣಕ ಆಗುವುದಿಲ್ಲ. ಕೋನ 360 ಡಿಗ್ರಿಯ ಭಿನ್ನರಾಶಿ ಆಗಿದ್ದು, ಕೊಸೈನ್ ಕೂಡ ಭಿನ್ನರಾಶಿ ಆಗಬೇಕಾದರೆ ಕೊಸೈನ್ 0, ±1/2, ±1 ಮಾತ್ರ ಆಗಬಹುದು. 3/5 ಆ ಪಟ್ಟಿಯಲ್ಲಿ ಇಲ್ಲ. 0 ಇಂದ ಹೊರಟರೆ −1/2, −4/3, −11/2 ಹೀಗೆ ಹೋಗುತ್ತಲೇ ಇರುತ್ತದೆ. ಸಂಖ್ಯೆಗಳನ್ನು ಮಾತ್ರ ನೋಡಿದರೆ ಗೊತ್ತುಗುರಿ ಇಲ್ಲದೆ ಅಲೆಯುವಂತೆ ಕಾಣುತ್ತದೆ. u ಅಳತೆಯಲ್ಲಿ ನೋಡಿದರೆ ಒಂದೇ ವೃತ್ತದ ಮೇಲೆ ಒಂದೇ ಕೋನದ ನಡಿಗೆ.

ಪ್ಯಾರಾಬೋಲಿಕ್ ಲೆಕ್ಕ ಒಂದನ್ನು ಪೂರ್ತಿ ಮಾಡಿ ತೋರಿಸಿ.

w = (3z − 4)/(z − 1). ಟ್ರೇಸ್ 2, ಡಿಟರ್ಮಿನೆಂಟ್ −3 + 4 = 1, T = 4. ಸ್ಥಿರ ಬಿಂದುವಿಗೆ z² − z = 3z − 4, ಅಂದರೆ (z − 2)² = 0. ಒಂದೇ ಬಿಂದು, p = 2.

ಈಗ ಅಳತೆ ಬದಲಿಸಿ: v = 1/(z − 2). ಇದು 2 ಅನ್ನು ∞ ಗೆ ಕಳಿಸುತ್ತದೆ. ∞ ಒಂದನ್ನೇ ಸ್ಥಿರವಾಗಿ ಬಿಡುವ ಮ್ಯಾಪ್ ಅಂದರೆ ಪಕ್ಕಕ್ಕೆ ಸರಿಸುವುದು. ಇಲ್ಲಿ w − 2 = (3z − 4 − 2z + 2)/(z − 1) = (z − 2)/(z − 1). ತಲೆಕೆಳಗು ಮಾಡಿದರೆ (z − 1)/(z − 2) = 1 + 1/(z − 2). ಹಾಗಾಗಿ

1/(w − 2) = 1/(z − 2) + 1

ಸರಿಯುವ ಅಳತೆಗೆ ಸೂತ್ರ 2c/(a + d), ಇಲ್ಲಿ 2/2 = 1. ತಾಳೆ ಆಯಿತು.

3 ಇಂದ ಹೊರಡಿ. v = 1, ಆಮೇಲೆ 2, 3, 4. z ನಲ್ಲಿ ಅದು 3, 5/2, 7/3, 9/4. n ಹೆಜ್ಜೆಯ ನಂತರ 2 + 1/(n + 1). 2 ಕ್ಕೆ ಹತ್ತಿರ ಬರುತ್ತದೆ, ಆದರೆ ಬಹಳ ನಿಧಾನ. ನೂರು ಹೆಜ್ಜೆ ಹೋದರೂ ಇನ್ನೂ ಸುಮಾರು 0.01 ದೂರ ಉಳಿದಿರುತ್ತದೆ.

ಈಗ ಎಡಗಡೆಯಿಂದ, 1.9 ಇಂದ ಹೊರಡಿ. 2 ಕ್ಕೆ ಇಷ್ಟು ಹತ್ತಿರ ಇದೆ, ಸೀದಾ ಹೋಗಿ ಸೇರುತ್ತದೆ ಅಂತ ಅನಿಸುತ್ತದೆ. ಆದರೆ v = −10. ಆಮೇಲೆ −9, −8, ಹೀಗೆ −1 ಕ್ಕೆ ಬರುತ್ತದೆ, ಆಗ z = 1. ಅಂದರೆ ಬಿಂದು 2 ರಿಂದ ದೂರ ಹೋಗುತ್ತಿದೆ! ಮುಂದಿನ ಹೆಜ್ಜೆಯಲ್ಲಿ v = 0, z = ∞. ಅದರ ಮುಂದೆ v = 1, z = 3, ಈಗ ಬಲಗಡೆಯಿಂದ 2 ರ ಕಡೆ ಬರುತ್ತದೆ. ಪ್ಯಾರಾಬೋಲಿಕ್ ಬಿಂದು ಒಂದು ಕಡೆ ಹೊರಗೆ ತಳ್ಳಿ ಇನ್ನೊಂದು ಕಡೆ ಒಳಗೆ ಎಳೆದುಕೊಳ್ಳುತ್ತದೆ. ಕೊನೆಗೆ ಎಲ್ಲವೂ ಅಲ್ಲಿಗೇ ಬರುತ್ತವೆ, ಆದರೆ ಹತ್ತಿರ ಇದ್ದವೆಲ್ಲ ಹತ್ತಿರವೇ ಉಳಿಯುವುದಿಲ್ಲ.

ಟ್ರೇಸ್ −2 ಬಂದರೆ?

ಡಿಟರ್ಮಿನೆಂಟ್ 1 ಇದ್ದರೆ ಅದೂ T = 4, ಪ್ಯಾರಾಬೋಲಿಕ್ಕೇ. w = (z − 4)/(z − 3) ನೋಡಿ. ಇದು ಮೇಲಿನ ಮ್ಯಾಪಿನ ಇನ್ವರ್ಸ್, ಸ್ಥಿರ ಬಿಂದು ಮತ್ತೆ 2. ಹಿಂದಕ್ಕೆ ನಡೆಯುವುದು, ಅಷ್ಟೇ.

ಹೈಪರ್ಬೋಲಿಕ್‌ನಲ್ಲಿ ಎರಡು ಸ್ಥಿರ ಬಿಂದು ಇವೆ. ಯಾವುದು ಎಳೆದುಕೊಳ್ಳುತ್ತದೆ ಅಂತ ಹೇಗೆ ಹೇಳುವುದು?

cz + d ಗೆ ಎರಡೂ ಬಿಂದು ಹಾಕಿ. ಯಾವುದರ ಅಳತೆ ದೊಡ್ಡದೋ ಅದೇ ಎಳೆದುಕೊಳ್ಳುವ ಬಿಂದು. ಡೆರಿವೇಟಿವ್ (ad − bc)/(cz + d)² ಅಲ್ಲಿ ಚಿಕ್ಕದಾಗುತ್ತದೆ ಅನ್ನುವುದು ಕಾರಣ.

w = (5z + 4)/(z + 5). z² = 4, ಬಿಂದುಗಳು 2 ಮತ್ತು −2. z + 5 ಇಲ್ಲಿ 7 ಮತ್ತು 3. ಹಾಗಾಗಿ 2 ಎಳೆದುಕೊಳ್ಳುತ್ತದೆ, k = 3/7, T = 100/21. 0 ಇಂದ ಹೊರಟರೆ 0.8, 1.379, 1.708, 1.869. ಪ್ಯಾರಾಬೋಲಿಕ್ ನಡಿಗೆಗೆ ಹೋಲಿಸಿ ನೋಡಿ, ಇಲ್ಲಿ ಪ್ರತಿ ಹೆಜ್ಜೆಗೂ u ಅದರ 3/7 ರಷ್ಟಕ್ಕೆ ಕುಗ್ಗುತ್ತದೆ, ಹಾಗಾಗಿ ಬೇಗ ತಲುಪುತ್ತದೆ.

ಎರಡು ರಿಯಲ್ ಸ್ಥಿರ ಬಿಂದು, ಸಂಖ್ಯೆಗಳೂ ರಿಯಲ್, ಆದರೂ ಹೈಪರ್ಬೋಲಿಕ್ ಅಲ್ಲ ಅಂತ ಆಗುತ್ತದಾ?

ಆಗುತ್ತದೆ. ಅತಿ ಸರಳ ಉದಾಹರಣೆ w = 1/z. ಸ್ಥಿರ ಬಿಂದುಗಳು 1 ಮತ್ತು −1. ಎರಡು ಸಲ ಹಾಕಿದರೆ z ವಾಪಸ್ ಬರುತ್ತದೆ, ಹಾಗಾಗಿ ಯಾವ ಬಿಂದುವೂ ಯಾವುದನ್ನೂ ಎಳೆದುಕೊಳ್ಳಲು ಸಾಧ್ಯವೇ ಇಲ್ಲ. ಟ್ರೇಸ್ 0, T = 0, k = −1. ಇದು ಎಲಿಪ್ಟಿಕ್.

ಇನ್ನೊಂದು: w = 1 + 1/z, ಅಂದರೆ (z + 1)/z. ಡಿಟರ್ಮಿನೆಂಟ್ −1, ಟ್ರೇಸ್ 1, T = −1. ಸ್ಥಿರ ಬಿಂದುಗಳು (1 + √5)/2 ಮತ್ತು (1 − √5)/2, ಸುಮಾರು 1.618 ಮತ್ತು −0.618. k ಸುಮಾರು −0.382. ಅಳತೆ 1 ಅಲ್ಲ, ಧನವೂ ಅಲ್ಲ, ಹಾಗಾಗಿ ಲಾಕ್ಸೋಡ್ರೋಮಿಕ್. ಈ ಋಣ ಚಿಹ್ನೆ ಕಣ್ಣಿಗೇ ಕಾಣುತ್ತದೆ. 1 ಇಂದ ಹೊರಡಿ: 1, 2, 3/2, 5/3, 8/5. ಫಿಬೊನಾಚಿ ಸಂಖ್ಯೆಗಳ ಅನುಪಾತಗಳು. ಒಮ್ಮೆ 1.618 ಕ್ಕಿಂತ ಕೆಳಗೆ, ಒಮ್ಮೆ ಮೇಲೆ, ಮತ್ತೆ ಕೆಳಗೆ. ಮೇಲಿನ 3/7 ರ ಲೆಕ್ಕದಲ್ಲಿ ಒಂದೇ ಕಡೆಯಿಂದ ಹತ್ತಿರ ಬಂದದ್ದು ನೆನಪಿಸಿಕೊಳ್ಳಿ. ಪ್ರತಿ ಹೆಜ್ಜೆಗೂ ಪಕ್ಕ ಬದಲಾಗುತ್ತಿದೆ ಅಂದರೆ k ಋಣ ಸಂಖ್ಯೆ.

ಎರಡಕ್ಕೂ ಕಾರಣ ಒಂದೇ. ರಿಯಲ್ ಸಂಖ್ಯೆಗಳು, ಡಿಟರ್ಮಿನೆಂಟ್ ಋಣ ಅಂದರೆ (a + d)² − 4(ad − bc) ಯಾವಾಗಲೂ ಧನವೇ ಆಗುತ್ತದೆ. ಎರಡು ರಿಯಲ್ ಬಿಂದು ಬಂದೇ ಬರುತ್ತವೆ, ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ. ಇಂಥ ಮ್ಯಾಪ್ ಮೇಲಿನ ಅರ್ಧ ಸಮತಲವನ್ನು ಕೆಳಗಿನದಕ್ಕೆ ಕಳಿಸುತ್ತದೆ. ಆದ್ದರಿಂದ ಮೊದಲು ಡಿಟರ್ಮಿನೆಂಟ್ ಚಿಹ್ನೆ ನೋಡಿ, ಆಮೇಲೆ ಸ್ಥಿರ ಬಿಂದು.

ಪರೀಕ್ಷೆಯಲ್ಲಿ ಎಷ್ಟು ಬರೆಯಬೇಕು?

«ಸ್ಥಿರ ಬಿಂದು ಕಂಡುಹಿಡಿದು, ನಾರ್ಮಲ್ ಫಾರ್ಮ್‌ನಲ್ಲಿ ಬರೆದು, ವಿಧ ಹೇಳಿ» ಅಂತ ಕೇಳಿದರೆ ವರ್ಗ ಸಮೀಕರಣ, k, ಆಮೇಲೆ (w − p)/(w − q) = k(z − p)/(z − q) ರೂಪ, ಕೊನೆಗೆ ವಿಧ. ಒಂದೇ ಬಿಂದು ಆದರೆ 1/(w − p) = 1/(z − p) + 2c/(a + d). T ಅನ್ನು ರಫ್ ವರ್ಕಿನಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ. ಬರೀ T ಬರೆದರೆ ನಾರ್ಮಲ್ ಫಾರ್ಮಿನ ಮಾರ್ಕ್ಸ್ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಮಾಡಿದೆ. T = 4 ಬರಬೇಕಾದ ಕಡೆ 3.9999999 ಬರುತ್ತಿದೆ. ಏನು ಮಾಡಲಿ?

ದಶಮಾಂಶದಲ್ಲಿ ಲೆಕ್ಕ ಮಾಡಿದರೆ ಪ್ಯಾರಾಬೋಲಿಕ್ ಸಿಗುವುದೇ ಕಷ್ಟ. ಅದು ಎಲಿಪ್ಟಿಕ್ ಮತ್ತು ಹೈಪರ್ಬೋಲಿಕ್ ನಡುವಿನ ಒಂದು ಗೆರೆ, ಕೊನೆಯ ಅಂಕಿ ಅಲ್ಲಾಡಿದರೂ ಗೆರೆಯಿಂದ ಆಚೆ ಬೀಳುತ್ತೀರಿ. ಸ್ಥಿರ ಬಿಂದುವಿನಲ್ಲಿ ತಪ್ಪು ಇನ್ನೂ ದೊಡ್ಡದು, ಯಾಕೆಂದರೆ ವರ್ಗಮೂಲ ಹಾಕುತ್ತೀರಿ. ಹದಿನಾರನೇ ದಶಮಾಂಶದ ತಪ್ಪು ವರ್ಗಮೂಲದ ನಂತರ ಎಂಟನೇ ದಶಮಾಂಶಕ್ಕೆ ಬಂದುಬಿಡುತ್ತದೆ. a, b, c, d ಪೂರ್ಣಾಂಕ ಆಗಿದ್ದರೆ ಭಿನ್ನರಾಶಿಯಲ್ಲೇ ಲೆಕ್ಕ ಮಾಡಿಸಿ:

```python
from fractions import Fraction as F
def T(a, b, c, d):
    return F((a + d)**2, a*d - b*c)
print(T(1, -1, 1, 1), T(3, -4, 1, -1), T(5, 4, 1, 5))
```

ಉತ್ತರ `2 4 100/21` ಅಂತ ಬರುತ್ತದೆ.

ಸಂಖ್ಯೆಗಳು ಅಳತೆಯಿಂದ ಬಂದಿದ್ದು, ದಶಮಾಂಶ ಬಿಡಲು ಆಗುವುದಿಲ್ಲ ಅಂದರೆ, ಹತ್ತಿಪ್ಪತ್ತು ಹೆಜ್ಜೆ ನಡೆಸಿ ನೋಡಿ ತೀರ್ಮಾನ ಮಾಡಬೇಡಿ. T = 3.9999 ಇರುವ ಎಲಿಪ್ಟಿಕ್ ಮ್ಯಾಪ್ ಪ್ರತಿ ಹೆಜ್ಜೆಗೆ ಸುಮಾರು 0.01 ರೇಡಿಯನ್ ಮಾತ್ರ ತಿರುಗುತ್ತದೆ. ಒಂದು ಸುತ್ತು ಮುಗಿಸಲು ಸುಮಾರು 628 ಹೆಜ್ಜೆ ಬೇಕು. ಅಲ್ಲಿಯವರೆಗೆ ಅದು ಪ್ಯಾರಾಬೋಲಿಕ್ ಹಾಗೇ ನಿಧಾನವಾಗಿ ಹತ್ತಿರ ಬರುತ್ತಿರುವಂತೆ ಕಾಣುತ್ತದೆ, ಆಮೇಲೆ ಹಾದು ಆಚೆ ಹೋಗುತ್ತದೆ. ಇಂಥ ಕಡೆ T ಯ ಜೊತೆ ಅದರಲ್ಲಿ ಎಷ್ಟು ತಪ್ಪು ಇರಬಹುದು ಅಂತಲೂ ಬರೆಯಿರಿ. 4 ಆ ಅಂತರದೊಳಗೇ ಬಿದ್ದರೆ, ಮೂರರಲ್ಲಿ ಯಾವುದು ಅಂತ ಈ ಅಂಕಿಗಳಿಂದ ಹೇಳಲಾಗದು ಅಂತಲೇ ಉತ್ತರ ಬರೆಯಬೇಕು.